ಯಾಸ್ನಾಳನ್ನು ಮಧ್ಯಾಹ್ನವೇ ಕಳಿಸಿಕೊಡಿ

ನಿಲ್ದಾ ನಾವೆಲ್ಕೀನ್ ನಮ್ಮ ದ್ವೀಪದಲ್ಲಿ ಯಾರ ಹತ್ತಿರವೂ ಏನನ್ನೂ ಕೇಳದ ಹೆಂಗಸು ಅಂತ ಹೆಸರಾಗಿದ್ದಳು. ಕೊಡೆ ಇಲ್ಲದಿದ್ದರೆ ನೆನೆದುಕೊಂಡೇ ಹೋಗುತ್ತಿದ್ದಳು, ಪಕ್ಕದ ಮನೆಯ ಬಾಗಿಲು ತಟ್ಟುತ್ತಿರಲಿಲ್ಲ. ಕೆಲವರು ಅದನ್ನು ಜಂಬ ಅಂದರು. ನಾನು ಅವಳ ಮಗಳಿಗೆ ಪಾಠ ಹೇಳುತ್ತಿದ್ದವಳು, ಹತ್ತಿರದಿಂದ ನೋಡಿದ್ದೇನೆ. ಅದು ಜಂಬವಲ್ಲ. ಹಿಂದೊಮ್ಮೆ ಬಹಳ ದೊಡ್ಡದನ್ನು ಕೇಳಿದ್ದಳು, ಅದರ ಭಾರ ಇನ್ನೂ ಇಳಿದಿರಲಿಲ್ಲ, ಅಷ್ಟೆ.

ಅವಳ ಗಂಡ ಸೆಗುಂದೊ ಚಿಪ್ಪುಮೀನಿನ ದೋಣಿಯಲ್ಲಿ ಕೆಲಸಕ್ಕಿದ್ದ. ಒಂದು ಜುಲೈ ತಿಂಗಳಲ್ಲಿ ಗಾಳಿ ತಿರುಗಿ ದೋಣಿ ಮಗುಚಿತು. ಹೆಣ ಸಿಕ್ಕಿತು ಅನ್ನುವುದೊಂದೇ ಸಮಾಧಾನ. ಆಗ ಮಗಳು ಯಾಸ್ನಾಗೆ ಇನ್ನೂ ಮಾತು ತೊದಲುತ್ತಿತ್ತು. ದ್ವೀಪದಲ್ಲಿ ಆ ವರ್ಷ ಕೆಲಸವಿರಲಿಲ್ಲ. ನಿಲ್ದಾ ಸಾಕಿಕೊಡಿ ಅಂತ ಕೇಳಿ ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ, ಮುಖ್ಯ ಭೂಭಾಗದ ಪಟ್ಟಣವಾದ ಪುಯೆರ್ತೊ ಮೋಂತ್‌ಗೆ, ಸಾಲ್ಮನ್ ಮೀನು ಸೀಳುವ ಕಾರ್ಖಾನೆಗೆ ಹೋದಳು. ಮಗುವನ್ನು ಶಾಲೆಗೆ, ಆಸ್ಪತ್ರೆಗೆ ಕರೆದೊಯ್ಯಲು ಅಜ್ಜಿಗೆ ಅಧಿಕಾರ ಬೇಕಲ್ಲ? ಹಾಗಾಗಿ ಕುಟುಂಬ ನ್ಯಾಯಾಲಯದಲ್ಲಿ ಮಗುವಿನ ಹೊಣೆಯನ್ನು ಅಜ್ಜಿಯ ಹೆಸರಿಗೆ ಮಾಡಿಸಿದರು. ನಿಲ್ದಾ ತಾನೇ ಹೋಗಿ ಒಪ್ಪಿ ಬಂದಿದ್ದಳು.

ಅತ್ತೆ ಓರ್ಫೆಲಿನಾ ಬಾರ್ರೀಯಾ, ಊರವರು ಗೌರವದಿಂದ 'ದೋನ್ಯ' ಅನ್ನುತ್ತಿದ್ದವಳು, ಮಗುವನ್ನು ಚೆನ್ನಾಗಿಯೇ ಸಾಕಿದಳು. ಆದರೆ ಸೊಸೆಯನ್ನು ಕ್ಷಮಿಸಲಿಲ್ಲ. 'ಮಗ ಹೋದ ದುಃಖಕ್ಕೆ ಜೊತೆಯಾಗಿ ಕೂರಬೇಕಾದವಳು ಲಾಂಚ್ ಹತ್ತಿ ಹೋದಳು' ಅಂತ ಚರ್ಚಿನ ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದಳು.

ನಿಲ್ದಾ ವರ್ಷಗಳ ಮೇಲೆ ವಾಪಸು ಬಂದಳು. ನಮ್ಮ ಕಡಲಂಚಿನಲ್ಲೇ ಚಿಪ್ಪುಮೀನು ಬೇಯಿಸಿ ಬಿಡಿಸುವ ಘಟಕ ತೆರೆದಿತ್ತು, ಅಲ್ಲಿ ಸೇರಿಕೊಂಡಳು. ಅದೇ ಚಳಿಗಾಲ ಮುದುಕಿಗೆ ನ್ಯುಮೋನಿಯಾ ಆಗಿ ಆಸ್ಪತ್ರೆಗೆ ಸೇರಿಸಿದರು. ಆ ದಿನಗಳಲ್ಲಿ ಯಾಸ್ನಾ ಅಮ್ಮನ ಬಾಡಿಗೆ ಮನೆಯಲ್ಲಿದ್ದಳು. ಅಜ್ಜಿ ಗುಣವಾಗಿ ಬಂದ ಮೇಲೆ, ವಾಪಸು ಹೋಗು ಅಂದರೆ ಹುಡುಗಿ ಮಂಚದ ಕಾಲು ಹಿಡಿದು ಕೂತಳು. ನಿಲ್ದಾ ಬಲವಂತ ಮಾಡಲಿಲ್ಲ. ಮುದುಕಿ ಜಗಳಕ್ಕೂ ಬರಲಿಲ್ಲ. ಸೊಸೆಯ ಜೊತೆ ಮಾತು ಬಿಟ್ಟಳು. ಭಾನುವಾರ ಹುಡುಗಿ ಒಬ್ಬಳೇ ಗುಡ್ಡ ಇಳಿದು ಅಜ್ಜಿಯ ಮನೆಯಲ್ಲಿ ಉಂಡು ಬರುತ್ತಿದ್ದಳು. ನ್ಯಾಯಾಲಯದ ಕಾಗದ ಮಾತ್ರ ಹಾಗೇ ಉಳಿಯಿತು. ಅದನ್ನು ಬದಲಾಯಿಸಲು ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಮಾತಾಡಬೇಕಿತ್ತು.

ಯಾಸ್ನಾ ನಾಲ್ಕನೇ ತರಗತಿಗೆ ನನ್ನ ಹತ್ತಿರ ಬಂದಳು. ಲೆಕ್ಕದಲ್ಲಿ ಚುರುಕು. ಆದರೆ ಬೆನ್ನ ಹಿಂದಿನಿಂದ ಕರೆದರೆ ಓಗೊಡುತ್ತಿರಲಿಲ್ಲ. ಹಿಂದಿನ ವರ್ಷದ ಟೀಚರ್ ಅವಳ ವರದಿಯಲ್ಲಿ 'ಗಮನ ಕೊಡುವುದಿಲ್ಲ, ಮೊಂಡು' ಅಂತ ಬರೆದಿದ್ದರು. ಒಂದು ದಿನ ಬೆಂಚುಗಳ ಜಾಗ ಬದಲಾಯಿಸಿದೆ. ಅವಳು ಅಳುಮುಖ ಮಾಡಿ ಹಳೆಯ ಜಾಗವೇ ಬೇಕು ಅಂದಳು. ಯಾಕೆ ಅಂದರೆ ಹೇಳಲಿಲ್ಲ. ಆಮೇಲೆ ಗಮನಿಸಿದೆ: ಯಾರೇ ಮಾತಾಡಿದರೂ ಎಡ ಕೆನ್ನೆಯನ್ನು ಆ ಕಡೆ ಒಡ್ಡುತ್ತಾಳೆ, ಬಿಸಿಲಿಗೆ ತಿರುಗುವ ಹೂವಿನ ಹಾಗೆ. ಹಳೆಯ ಜಾಗದಲ್ಲಿ ಅವಳ ಬಲಗಡೆ ಗೋಡೆಯಿತ್ತು.

ನಿಲ್ದಾಳನ್ನು ಕರೆಸಿ, ಬಲ ಕಿವಿ ಸರಿಯಾಗಿ ಕೇಳಿಸದ ಹಾಗಿದೆ ಅಂತ ಹೇಳಿದೆ. ಅವಳು, "ಮನೇಲಿ ನಾನು ಅಡುಗೆ ಮಾಡ್ತಾ ಕರೆದ್ರೆ ಬರಲ್ಲ ಟೀಚರ್. ನನ್ನ ಮೇಲೆ ಸಿಟ್ಟು ಅಂದ್ಕೊಂಡಿದ್ದೆ. ಬಿಟ್ಟು ಹೋಗಿದ್ದಕ್ಕೆ" ಅಂದಳು.

ಊರ ದವಾಖಾನೆಯವರು ಕಿವಿಯೊಳಗೆ ದೀಪ ಹಾಕಿ ನೋಡಿ, ಪಕ್ಕದ ದೊಡ್ಡ ದ್ವೀಪದಲ್ಲಿರುವ ಕಾಸ್ತ್ರೊ ಪಟ್ಟಣದ ಆಸ್ಪತ್ರೆಯ ಕಿವಿ ಡಾಕ್ಟರಿಗೆ ಚೀಟಿ ಬರೆದರು. ತಜ್ಞರ ಸರದಿಗೆ ಕಾಯುವುದು ಅಂದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ವರ್ಷ ಉರುಳಿತು, ಯಾಸ್ನಾ ಐದನೇ ತರಗತಿಗೆ ಬಂದಳು, ನಾನೂ ಅವಳ ಜೊತೆಗೇ ಮೇಲಿನ ತರಗತಿಗೆ ಬಂದೆ. ಒಂದು ಮಂಗಳವಾರ ನಿಲ್ದಾಗೆ ಕೆಲಸದ ಜಾಗದಲ್ಲಿ ಆಸ್ಪತ್ರೆಯಿಂದ ಫೋನ್ ಬಂತು. ಗುರುವಾರ ಮಧ್ಯಾಹ್ನ ಮೂರಕ್ಕೆ ಬನ್ನಿ, ಯಾರೋ ಬರಲ್ಲ ಅಂದಿದ್ದಾರೆ, ಆ ಸರದಿ ನಿಮಗೆ. ತಪ್ಪಿಸಿದರೆ ಸಾಲಿನ ಕೊನೆಗೆ ಹೋಗುತ್ತೀರಿ.

ನಮ್ಮ ಶಾಲೆ ಬಿಡುವುದು ಮೂರೂವರೆಗೆ. ಲಾಂಚ್ ಹಿಡಿದು, ಆಚೆ ದಡದಲ್ಲಿ ಬಸ್ ಹತ್ತಿ ಆಸ್ಪತ್ರೆ ಮುಟ್ಟಬೇಕಾದರೆ ಹನ್ನೆರಡಕ್ಕೇ ಹೊರಡಬೇಕು. ಬುಧವಾರ ಬೆಳಿಗ್ಗೆ ಯಾಸ್ನಾ ತನ್ನ ಸಂಪರ್ಕ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟಳು. ಮನೆಯವರು ಶಾಲೆಗೆ, ಶಾಲೆಯವರು ಮನೆಗೆ ಬರೆಯುವ ಪುಸ್ತಕ ಅದು. ದುಂಡಗಿನ ಅಕ್ಷರದಲ್ಲಿ ಹೀಗೆ ಬರೆದಿತ್ತು:

'ಮಾನ್ಯ ಟೀಚರ್ ಅವರಿಗೆ. ನಾಳೆ ಗುರುವಾರ ಐದನೇ ತರಗತಿಯ ಯಾಸ್ನಾ ಬಾರ್ರೀಯಾ ನಾವೆಲ್ಕೀನ್ ಅವಳನ್ನು ಮಧ್ಯಾಹ್ನ ಹನ್ನೆರಡಕ್ಕೆ ಕಳಿಸಿಕೊಡಬೇಕಾಗಿ ಕೇಳಿಕೊಳ್ಳುತ್ತೇನೆ. ಮೂರು ಗಂಟೆಗೆ ಕಾಸ್ತ್ರೊದಲ್ಲಿ ಕಿವಿ ಡಾಕ್ಟರನ್ನು ಕಾಣುವುದಿದೆ. ನಾನೇ ಬಂದು ಕರೆದೊಯ್ಯುತ್ತೇನೆ. ಡಾಕ್ಟರ ಚೀಟಿಯನ್ನು ಶುಕ್ರವಾರ ತಂದುಕೊಡುತ್ತೇನೆ. ತೊಂದರೆಗೆ ಕ್ಷಮೆಯಿರಲಿ. ಯಾಸ್ನಾಳ ತಾಯಿ, ನಿಲ್ದಾ ನಾವೆಲ್ಕೀನ್.'

ಇದಕ್ಕಿಂತ ಸರಿಯಾದ ಚೀಟಿ ಯಾರೂ ಬರೆಯಲಾರರು. ನೋಡಿದ್ದೇನೆ ಅಂತ ಸಹಿ ಹಾಕಿ, ಬಿಡುವಿನ ವೇಳೆಯಲ್ಲಿ ಸೆನ್ಯೋರಾ ಮಿರೆಯಾ ಹತ್ತಿರ ಒಯ್ದೆ. ಶಾಲೆಯ ಬಾಗಿಲು ಮಿರೆಯಾಳದು. ತಡವಾಗಿ ಬರುವವರು, ಜ್ವರ ಬಂದವರು, ಮೊಣಕಾಲು ತರಚಿಕೊಂಡವರು, ನಡುವೆ ಹೊರಡುವವರು ಎಲ್ಲ ಅವಳ ಮೇಜಿನ ಮುಂದೆಯೇ ಹಾದುಹೋಗಬೇಕು. ಅವಳು ಚೀಟಿ ಓದಿ, ಮಕ್ಕಳ ದಾಖಲೆ ತೆಗೆದು ನೋಡಿ, ಕನ್ನಡಕ ಕೆಳಗಿಟ್ಟಳು.

"ಇವಳಿಗೆ ನಾನು ಮಗು ಕೊಡಕ್ಕಾಗಲ್ಲ ಟೀಚರ್."

"ಅವಳು ತಾಯಿ, ಮಿರೆಯಾ."

"ಗೊತ್ತು. ಹೆತ್ತಾಗ ನೋಡೋಕೆ ಹೋದವಳು ನಾನೇ. ಇಲ್ಲಿ ನೋಡಿ. ಪೋಷಕರು ಓರ್ಫೆಲಿನಾ. ಕೋರ್ಟಿನ ಆದೇಶ ಲಗತ್ತಿಸಿದೆ. ಎರಡನೇ ಹೆಸರಿನ ಜಾಗ ಖಾಲಿ."

ಮಾರನೆಯ ದಿನಕ್ಕೆ ಬಿಟ್ಟರೆ ಆಗುವ ಮಾತಲ್ಲ. ನಿಲ್ದಾಗೆ ಫೋನ್ ಮಾಡಿದೆ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅವಳು ಬಿಳಿ ಬೂಟು, ರಬ್ಬರ್ ಮೇಲಂಗಿಯಲ್ಲೇ ಓಡಿ ಬಂದಳು. ಮಿರೆಯಾ ವಿಷಯ ಹೇಳಿದಳು.

"ನನ್ನ ಮಗಳು ದಿನಾ ರಾತ್ರಿ ನನ್ನ ಪಕ್ಕದಲ್ಲಿ ಮಲಗ್ತಾಳೆ" ಅಂದಳು ನಿಲ್ದಾ. ದನಿ ಏರಿರಲಿಲ್ಲ. "ಬೆಳಿಗ್ಗೆ ಜಡೆ ಹಾಕಿ ಈ ಬಾಗಿಲಿಗೆ ಬಿಡೋಳು ನಾನು. ಬಿಟ್ಟು ಹೋಗೋದಾದ್ರೆ ತಾಯಿ. ಕರ್ಕೊಂಡು ಹೋಗೋದಾದ್ರೆ ಯಾರೋ."

"ನೀನು ಯಾರು ಅಂತ ನಂಗೆ ಗೊತ್ತಮ್ಮ. ಆ ಕಾಗದಕ್ಕೆ ಗೊತ್ತಿಲ್ಲ. ಇವತ್ತು ಗೊತ್ತಿರೋ ಮುಖ ಅಂತ ನಿನಗೆ ಬಿಟ್ಟೆ ಅಂತಿಟ್ಕೊ. ನಾಳೆ ಇನ್ಯಾವುದೋ ಮಗುವಿನ ತಂದೆ ಬಂದು ನಿಲ್ತಾನೆ, ಮಗು ಹತ್ರ ಹೋಗಬೇಡ ಅಂತ ಕೋರ್ಟು ಹೇಳಿರೋನು. ಅವನ ಮುಖವೂ ನಂಗೆ ಗೊತ್ತಿರೋದೇ."

ಅದು ಸುಮ್ಮನೆ ಹೇಳಿದ ಮಾತಲ್ಲ. ಅಂಥವನೊಬ್ಬ ನಮ್ಮ ಶಾಲೆಯ ಬೇಲಿಯ ಹತ್ತಿರ ಸುಳಿಯುವುದು ನನಗೂ ಗೊತ್ತಿತ್ತು.

ನಾನು ಸುಲಭದ ದಾರಿ ಹೇಳಿದೆ. "ನಾಳೆ ಶಾಲೆಗೇ ಕಳಿಸಬೇಡ ನಿಲ್ದಾ. ಮನೆಯಿಂದಲೇ ಹೊರಟುಬಿಡಿ. ಆಮೇಲೆ ಡಾಕ್ಟರ ಚೀಟಿ ತೋರಿಸಿದ್ರೆ ಗೈರುಹಾಜರಿ ಸರಿಹೋಗತ್ತೆ."

ನಿಲ್ದಾಳ ಮುಖ ಅರಳಿತು. ಮಿರೆಯಾ ತಲೆಯಾಡಿಸಿದಳು. "ಹಾಗೂ ಮಾಡಬಹುದು, ನಾನು ಬೇಡ ಅನ್ನಲ್ಲ. ಆದ್ರೆ ಡಾಕ್ಟರು ಆಪರೇಶನ್ ಅಂದ್ರೆ ಸಹಿ ಯಾರದು ಕೇಳ್ತಾರೆ. ಅಲ್ಲೂ ಇದೇ ಕಾಗದ. ನನ್ನ ಬಾಗಿಲು ತಪ್ಪಿಸ್ಕೋಬಹುದು, ಅಲ್ಲಿಂದ ಖಾಲಿ ಕೈಲಿ ಬಂದ್ರೆ ಮತ್ತೆ ವರ್ಷಗಟ್ಟಲೆ ಕಾಯ್ತೀಯಾ?"

"ಹಾಗಾದ್ರೆ?"

"ಓರ್ಫೆಲಿನಾ ನಾಳೆ ಬಂದು ಸಹಿ ಹಾಕಲಿ. ಇಲ್ಲಾ ಇವತ್ತೇ ಬಂದು ನಿನ್ನನ್ನ ಎರಡನೇ ಪೋಷಕಿ ಅಂತ ಬರೆಸಲಿ. ಹೇಗಿದ್ರೂ ಆಸ್ಪತ್ರೆಗೆ ಒಪ್ಪಿಗೆ ಆಕೇನೇ ಕೊಡಬೇಕು. ಆಗ ನಾನೇ ಮಗೂಗೆ ಕೋಟು ತೊಡಿಸಿ ಕಳಿಸ್ತೀನಿ."

ನಿಲ್ದಾ ತನ್ನ ಕೈಗಳನ್ನು ನೋಡಿಕೊಂಡಳು. ಉಪ್ಪುನೀರಿಗೆ ಬೆರಳ ತುದಿಗಳು ಬಿಳಿಚಿಕೊಂಡಿದ್ದವು. "ಅವರು ನನ್ನ ಮುಖ ನೋಡಿ ಎರಡು ವರ್ಷ ಆಯ್ತು" ಅಂದಳು. ಬಾಗಿಲವರೆಗೆ ಹೋಗಿ ನಿಂತು, ನನ್ನ ಕಡೆ ತಿರುಗದೆಯೇ, "ಟೀಚರ್, ಸಂಜೆ ನನ್ನ ಜೊತೆ ಬರ್ತೀರಾ?" ಅಂತ ಕೇಳಿದಳು.

ಕೆಲಸ ಮುಗಿಸಿ ಬಂದ ಅವಳ ಜೊತೆ ಗುಡ್ಡ ಇಳಿದೆ. ಓರ್ಫೆಲಿನಾಳ ಅಡುಗೆಮನೆಯಲ್ಲಿ ಸೌದೆಯ ಒಲೆ ಉರಿಯುತ್ತಿತ್ತು. ಮುದುಕಿ ಆಲೂಗಡ್ಡೆ ತುರಿಯುತ್ತಾ ಕೂತಿದ್ದಳು. ನನ್ನನ್ನು ಕಂಡು, "ಬನ್ನಿ ಟೀಚರ್, ಕೂತ್ಕೊಳ್ಳಿ" ಅಂದಳು. ಸೊಸೆಗೆ ಏನೂ ಹೇಳಲಿಲ್ಲ. ನಿಲ್ದಾ ಬಾಗಿಲ ಬಳಿ ನಿಂತೇ ಇದ್ದಳು. ಮಾಟೆ ಎಲೆಗೆ ಬಿಸಿನೀರು ಹೊಯ್ದ, ಮನೆಗೆ ಬಂದವರೆಲ್ಲ ಸರದಿಯಂತೆ ಹೀರುವ ಸೋರೆ ಬುರುಡೆ ನನಗೆ ಬಂತು, ನಾನು ಹೀರಿ ಕೊಟ್ಟೆ, ಮುದುಕಿ ಮತ್ತೆ ನೀರು ಹೊಯ್ದು ತಾನೇ ಹೀರಿದಳು. ಮೂರನೆಯವಳಿಗೆ ಕೊಡಲಿಲ್ಲ. ನಮ್ಮಲ್ಲಿ ಬೈಗುಳಕ್ಕಿಂತ ಅದು ಜೋರು.

ನಾನು ವಿಷಯ ತೆಗೆದೆ. ಮುದುಕಿ ತುರಿಯುವುದನ್ನು ನಿಲ್ಲಿಸಲಿಲ್ಲ.

"ಅವಳ ಕಿವಿಗೇನಾಗಿದೆ? ಜೇಬಿನಲ್ಲಿ ಮಿಠಾಯಿ ಕಾಗದ ಸದ್ದಾದ್ರೆ ಆಚೆ ಕೋಣೆಯಿಂದ ಓಡಿ ಬರ್ತಾಳೆ. ಪಾತ್ರೆ ತೊಳಿ ಅಂದ್ರೆ ಕೇಳಲ್ಲ. ಎಲ್ಲ ಮಕ್ಕಳದೂ ಅದೇ ಕಿವಿ."

"ಒಂದು ಕಡೆ ಕೇಳ್ಸತ್ತೆ ದೋನ್ಯ, ಇನ್ನೊಂದು ಕಡೆ ಇಲ್ಲ. ದವಾಖಾನೆಯೋರೂ ಹೇಳಿದ್ದಾರೆ" ಅಂದೆ.

"ನನ್ನ ಮನೇಲಿದ್ದಾಗ ಸರಿಯಾಗಿತ್ತು."

ನಿಲ್ದಾ ಮುಂದೆ ಬಂದು ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟಳು. ಮುದುಕಿ ಕೈ ಒರೆಸಿಕೊಂಡು, ದೂರ ಹಿಡಿದು, ತುಟಿ ಆಡಿಸುತ್ತಾ ನಿಧಾನವಾಗಿ ಓದಿದಳು. ಕೊನೆಯ ಸಾಲಿಗೆ ಬಂದು ನಿಂತಳು.

"ಯಾಸ್ನಾಳ ತಾಯಿ" ಅಂತ ಗಟ್ಟಿಯಾಗಿ ಓದಿದಳು. "ಬರ್ಕೊಂಡುಬಿಟ್ಟಿದೀಯ."

"ಹೌದು."

"ನನ್ನ ಕೇಳ್ದೆ ಬರ್ದೆ. ಆಗಲ್ಲ ಅಂದ ಮೇಲೆ ನನ್ನ ಬಾಗಿಲಿಗೆ ಬಂದೆ."

"ಕೇಳಿದ್ರೆ ಇಲ್ಲ ಅಂತೀರಿ ಅಂತ ಹೆದರಿದೆ" ಅಂದಳು ನಿಲ್ದಾ. "ನನಗಾದ್ರೆ ಇಲ್ಲ ಅನ್ನಿ, ತಡ್ಕೋತೀನಿ. ಅವಳಿಗೆ ಇಲ್ಲ ಅಂದುಬಿಟ್ರೆ ನಿಮ್ಮನ್ನ ಮತ್ತೆ ಯಾವತ್ತೂ ನೋಡಕ್ಕಾಗಲ್ಲ ನಂಗೆ. ಅದಕ್ಕೇ ಕೇಳಲಿಲ್ಲ."

ಮುದುಕಿ ಅವಳನ್ನು ದಿಟ್ಟಿಸಿದಳು. ಬಂದಾಗಿನಿಂದ ಅದೇ ಮೊದಲು. ಆಮೇಲೆ ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟು, "ಕತ್ತಲಾಗ್ತಾ ಬಂತು ಟೀಚರ್, ದಾರಿ ಜಾರತ್ತೆ" ಅಂದಳು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಗುರುವಾರ ಯಾಸ್ನಾ ಹೊಸ ಕಾಲುಚೀಲ ತೊಟ್ಟು ಶಾಲೆಗೆ ಬಂದಳು. ನಿಲ್ದಾ ಅರ್ಧ ದಿನದ ರಜೆ ಕೇಳಿ, ಹನ್ನೆರಡಕ್ಕೆ ಮೊದಲೇ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಿದ್ದಳು. ಮಕ್ಕಳಿಗೆ ನಕ್ಷೆ ಬರೆಯಲು ಹೇಳಿ ನಾನೂ ಎರಡು ಸಲ ಬಂದು ನೋಡಿದೆ. ಮಿರೆಯಾ ಚಹಾ ಕೊಟ್ಟಿದ್ದಳು, ಅದು ಆರುತ್ತಿತ್ತು. ಕೆಳಗೆ ಕಡಲಿನಲ್ಲಿ ಲಾಂಚ್ ಈ ದಡಕ್ಕೆ ತಿರುಗಿದ್ದು ಕಿಟಕಿಯಿಂದ ಕಾಣುತ್ತಿತ್ತು.

"ಬರಲ್ಲ ಅವರು" ಅಂದಳು ನಿಲ್ದಾ.

"ಆಕೆ ಗುಡ್ಡ ಹತ್ತೋದು ನೋಡಿದೀಯಾ? ಮೂರು ಹೆಜ್ಜೆ ನಡಿಯೋದು, ಯಾರನ್ನಾದ್ರೂ ನಿಲ್ಲಿಸಿ ಬೈಯೋದು. ಹೊತ್ತಾಗತ್ತೆ" ಅಂದಳು ಮಿರೆಯಾ.

ಅಷ್ಟರಲ್ಲಿ ಬಾಗಿಲು ತೆರೆಯಿತು. ದೋನ್ಯ ಓರ್ಫೆಲಿನಾ ಚರ್ಚಿಗೆ ಹೋಗುವಾಗಿನ ಕಪ್ಪು ಕೋಟು ಹಾಕಿಕೊಂಡು, ತೋಳಿಗೆ ಬಟ್ಟೆ ಮುಚ್ಚಿದ ಬುಟ್ಟಿ ತೂಗುಹಾಕಿಕೊಂಡು ಬಂದಳು. ಏದುಸಿರು ಬಿಡುತ್ತಿದ್ದಳು. ನೇರ ಹೋಗಿ ಗುರುತಿನ ಚೀಟಿಯನ್ನು ಮಿರೆಯಾಳ ಮೇಜಿನ ಮೇಲಿಟ್ಟಳು.

"ಎಲ್ಲಿ ಸಹಿ?"

ಮಿರೆಯಾ ನಿರ್ಗಮನದ ಪುಸ್ತಕ ತಿರುಗಿಸಿಟ್ಟಳು. ಮಗುವಿನ ಹೆಸರು, ಹೊತ್ತು, ಕಾರಣ, ಕರೆದೊಯ್ಯುವವರು. ಮುದುಕಿ ಸಹಿ ಹಾಕಿ, "ನಾನೂ ಹೋಗ್ತೀನಿ. ಬರೀ ಸಹಿ ಹಾಕಿ ಮನೆಗೆ ಹೋಗೋಕೆ ನಾನೇನು ಆಫೀಸಿನೋಳಾ?" ಅಂದಳು.

ನಾನು ಹೋಗಿ ಯಾಸ್ನಾಳನ್ನು ಕರೆತಂದೆ. ಅವಳು ಗೋಡೆಯ ಗೂಟದಿಂದ ಕೋಟು ತೆಗೆದು, ನಮಗೆ ಬೆನ್ನು ಮಾಡಿ, ತಲೆ ಬಗ್ಗಿಸಿ ಗುಂಡಿ ಹಾಕಿಕೊಳ್ಳುತ್ತಿದ್ದಳು. ಅಮ್ಮನನ್ನು ಮಾತ್ರ ಕಂಡಿದ್ದಳು, ಅಜ್ಜಿ ಬಂದದ್ದು ಅವಳಿಗೆ ಗೊತ್ತಿರಲಿಲ್ಲ. ಮುದುಕಿ ಅವಳ ಬಲಗಡೆಗೆ, ಸ್ವಲ್ಪ ಹಿಂದೆ ನಿಂತಿದ್ದಳು.

"ಯಾಸ್ನಾ" ಅಂದಳು.

ಆಚೆ ಅಂಗಳದಲ್ಲಿ ಸಣ್ಣ ಮಕ್ಕಳು ಚೆಂಡಾಡುತ್ತಿದ್ದರು. ಹುಡುಗಿ ಎರಡನೇ ಗುಂಡಿ ಹಾಕಿಕೊಂಡಳು.

"ಯಾಸ್ನಾ, ಮಗೂ."

ಮೂರನೇ ಗುಂಡಿ. ಮುದುಕಿ ಹತ್ತಿರ ಹೋಗಿ, ಇನ್ನೂ ಕೆಳದನಿಯಲ್ಲಿ, ಆಸೆಯಿಂದ ಅನ್ನುವ ಹಾಗೆ, ಮತ್ತೊಮ್ಮೆ ಕರೆದಳು. ಆಮೇಲೆ ಭುಜ ಮುಟ್ಟಿದಳು. ಹುಡುಗಿ ಬೆಚ್ಚಿ ತಿರುಗಿ, ಅಜ್ಜಿಯನ್ನು ನೋಡಿ ನಕ್ಕಳು.

"ಇದಕ್ಕೇ ನಾನು ಹೊಡೀತಿದ್ದೆ" ಅಂದಳು ಓರ್ಫೆಲಿನಾ. ಯಾರಿಗೂ ಹೇಳಿದ ಹಾಗಿರಲಿಲ್ಲ.

ಮೂವರೂ ಹೊರಟರು. ಮುದುಕಿಯ ಬುಟ್ಟಿಯನ್ನು ನಿಲ್ದಾ ತೆಗೆದುಕೊಳ್ಳಲು ಹೋದಳು, ಮುದುಕಿ ಕೊಡಲಿಲ್ಲ. ಅಲ್ಲಿಂದ ಮುಂದಿನದು ನಿಲ್ದಾ ನನಗೆ ಆಮೇಲೆ ಹೇಳಿದ್ದು.

ಲಾಂಚಿನಲ್ಲಿ ಇಬ್ಬರೂ ಹುಡುಗಿಯ ಆಚೆಈಚೆ ಕೂತಿದ್ದರಂತೆ. ಬುಟ್ಟಿಯಲ್ಲಿ ಬಿಸಿಯಾರದ ಆಲೂಗಡ್ಡೆ ರೊಟ್ಟಿಗಳಿದ್ದವು. ಮುದುಕಿ ಮೊಮ್ಮಗಳಿಗೆ ಕೊಟ್ಟು, ಒಂದನ್ನು ಸೊಸೆಯ ತೊಡೆಯ ಮೇಲೆ ಇಟ್ಟು, ನೀರಿನ ಕಡೆ ಮುಖ ತಿರುಗಿಸಿದಳಂತೆ. ನಿಲ್ದಾ ತಿಂದಳು. ಅಷ್ಟೇ ಮಾತುಕತೆ.

ಡಾಕ್ಟರು ಚಿಕ್ಕ ವಯಸ್ಸಿನವಳು. ಹುಡುಗಿಯನ್ನು ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಕೈ ಎತ್ತಲು ಹೇಳಿ ಪರೀಕ್ಷೆ ಮಾಡಿಸಿದಳು. ಬಲ ಕಿವಿಯ ತಮಟೆಯ ಹಿಂದೆ ನೀರು ಕಟ್ಟಿ, ಬಹಳ ಕಾಲದಿಂದ ಅಂಟಿನಂತಾಗಿದೆ ಅಂದಳು. ಸಣ್ಣ ನಳಿಕೆ ಇಡಬೇಕು. ಎಷ್ಟು ಕೇಳುವುದು ವಾಪಸು ಬರುತ್ತದೆ ಅಂತ ಈಗಲೇ ಹೇಳಲಾಗದು.

"ಯಾವಾಗಿನಿಂದ ಹೀಗಿದೆ? ಕಿವಿ ಸೋರಿತ್ತಾ ಹಿಂದೆ?" ಅಂತ ಕೇಳಿದಳು.

ಆ ವರ್ಷಗಳಲ್ಲಿ ನಿಲ್ದಾ ಮಗಳ ಜೊತೆ ಇರಲಿಲ್ಲ. ಓರ್ಫೆಲಿನಾ ತೊಡೆಯ ಮೇಲಿನ ಕೈಚೀಲ ಗಟ್ಟಿಯಾಗಿ ಹಿಡಿದುಕೊಂಡು ಹೇಳಿದಳು: "ಸೋರಿತ್ತು. ಎರಡು ಚಳಿಗಾಲ. ರಾತ್ರಿಯೆಲ್ಲ ಅಳೋಳು. ಬಿಸಿ ಬಟ್ಟೆ ಒತ್ತಿ ಮಲಗಿಸ್ತಿದ್ದೆ. ಮಕ್ಕಳಿಗೆ ಬರತ್ತೆ ಹೋಗತ್ತೆ ಅಂದ್ಕೊಂಡೆ. ದವಾಖಾನೆಗೆ ಒಯ್ಯಲಿಲ್ಲ. ಮಗ ಹೋದ ಮೇಲೆ ನಾನು ಮನೆಯಿಂದಾನೇ ಹೊರಡ್ತಿರಲಿಲ್ಲ."

"ಆ ಒಂದು ಮಾತಿಗೆ ವರ್ಷಗಟ್ಟಲೆ ಕಾದಿದ್ದೆ ಟೀಚರ್" ಅಂದಳು ನಿಲ್ದಾ ನನಗೆ. "ನೀನು ಬಿಟ್ಟು ಹೋದೆ, ನೀನು ಬಿಟ್ಟು ಹೋದೆ ಅಂತ ಕೇಳಿ ಕೇಳಿ, ಅವರದೂ ಒಂದು ತಪ್ಪು ಸಿಕ್ಕಲಿ ಅಂತಿದ್ದೆ. ಸಿಕ್ತು. ಕೈಗೆ ಬಂದ ಮೇಲೆ ಎತ್ತಕ್ಕೇ ಆಗಲಿಲ್ಲ."

ಅವಳು ಡಾಕ್ಟರಿಗೆ ಹೇಳಿದ್ದು ಇಷ್ಟು: "ಆಗ ನಾನೂ ಇರಲಿಲ್ಲ. ಒಬ್ಬರೇ ನೋಡ್ಕೋತಿದ್ರು."

ಆಪರೇಶನ್ನಿಗೆ ಒಪ್ಪಿಗೆ ಯಾರು ಕೊಡುತ್ತೀರಿ ಅಂದಾಗ ಮುದುಕಿ ಪೆನ್ನು ತೆಗೆದುಕೊಂಡು, ಬರೆಯುವ ಮೊದಲು ಸೊಸೆಯ ಮುಖ ನೋಡಿದಳಂತೆ. ನಿಲ್ದಾ ತಲೆಯಾಡಿಸಿದ ಮೇಲೆಯೇ ಸಹಿ ಹಾಕಿದಳು.

ಶುಕ್ರವಾರ ಯಾಸ್ನಾ ಡಾಕ್ಟರ ಚೀಟಿ ತಂದಳು. ಸೋಮವಾರ ಓರ್ಫೆಲಿನಾ ತಾನೇ ಗುಡ್ಡ ಹತ್ತಿ ಬಂದು ಖಾಲಿಯಿದ್ದ ಎರಡನೇ ಹೆಸರಿನ ಜಾಗದಲ್ಲಿ ನಿಲ್ದಾಳನ್ನು ಬರೆಸಿದಳು. "ಮೊದಲನೇದು ನನ್ನದೇ ಇರಲಿ" ಅಂತ ಮಿರೆಯಾಗೆ ಎಚ್ಚರಿಕೆ ಕೊಡುವುದನ್ನು ಮರೆಯಲಿಲ್ಲ.

ಆಪರೇಶನ್ ವಸಂತದಲ್ಲಿ ಆಯಿತು. ಕೇಳುವುದು ಪೂರ್ತಿ ವಾಪಸು ಬರಲಿಲ್ಲ, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬಂತು. ಯಾಸ್ನಾ ಮೊದಲ ವಾರವೆಲ್ಲ ತರಗತಿಯಲ್ಲಿ ಗದ್ದಲ ಅಂತ ದೂರುತ್ತಿದ್ದಳು. ಪೆನ್ಸಿಲ್ ಗೀರುವ ಸದ್ದು ಇಷ್ಟು ಜೋರಾ ಅಂತ ಕೇಳಿದಳು. ಮೂರನೇ ತರಗತಿಯ ವರದಿಯಲ್ಲಿದ್ದ ಆ 'ಮೊಂಡು' ಅನ್ನುವ ಪದದ ಕೆಳಗೆ ನಾನು ಕಾರಣ ಬರೆದು ಸಹಿ ಹಾಕಿದೆ.

ಅತ್ತೆ ಸೊಸೆ ಗೆಳತಿಯರಾದರು ಅಂತ ಹೇಳಿದರೆ ಊರಿನವರು ನಗುತ್ತಾರೆ. ಕೋರ್ಟಿಗೆ ಹೋಗಿ ಹೊಣೆ ಬದಲಾಯಿಸಲು ಮುದುಕಿ ಇನ್ನೊಂದು ವರ್ಷ ತೆಗೆದುಕೊಂಡಳು. ಪ್ರತಿ ಸಲ ಏನಾದರೊಂದು ನೆಪ: ಆಲೂಗಡ್ಡೆ ಅಗೆಯುವ ಕಾಲ, ಮೊಣಕಾಲು ನೋವು, ದಾರಿ ಕೆಸರು. ನಿಲ್ದಾ ಅವಸರ ಮಾಡಲಿಲ್ಲ. ಕೊನೆಗೆ ಹೋದ ದಿನ ನ್ಯಾಯಾಧೀಶರು, ನಿಮಗೆ ಒಪ್ಪಿಗೆಯಾ ಅಂತ ಕೇಳಿದ್ದಕ್ಕೆ ಮುದುಕಿ, "ಒಪ್ಪಿಗೆ ಇಲ್ದೆ ಇಷ್ಟು ದೂರ ಯಾಕೆ ಬರ್ತೀನಿ?" ಅಂದಳಂತೆ.

ಈಗ ಯಾಸ್ನಾ ಕಾಸ್ತ್ರೊದಲ್ಲಿ ಹೈಸ್ಕೂಲು ಓದುತ್ತಿದ್ದಾಳೆ, ವಾರದ ಕೊನೆಗೆ ಬರುತ್ತಾಳೆ. ಭಾನುವಾರ ಅವಳ ಜೊತೆ ನಿಲ್ದಾ ಕೂಡ ಗುಡ್ಡ ಇಳಿಯುತ್ತಾಳೆ. ಹೋದ ವಾರ ದಾರಿಯಲ್ಲಿ ಸಿಕ್ಕಿದ್ದಳು, ಕೈಯಲ್ಲಿ ಒಂದು ಚೀಲ ಚಿಪ್ಪುಮೀನು. ಹೇಗಿದ್ದಾರೆ ಅತ್ತೆ ಅಂದೆ.

"ಬೈತಾರೆ ಟೀಚರ್" ಅಂದಳು. "ಚಿಪ್ಪುಮೀನು ಸಣ್ಣದು ತಂದೆ ಅಂತ ಬೈತಾರೆ, ದೊಡ್ಡದು ತಂದ್ರೆ ಗಟ್ಟಿ ಅಂತಾರೆ. ನಂಗೇ ಬೈತಾರೆ, ನೇರವಾಗಿ." ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, ಲಾಂಚಿನಿಂದ ಇಳಿದು ಬರುತ್ತಿದ್ದ ಮಗಳಿಗಾಗಿ ಕಾಯುತ್ತಾ ನಿಂತಳು.